ತುಟಿಯ ಬಣ್ಣವನ್ನು ಬದಲಿಸುವ ದೀಪ

ಅಂಗಡಿಯಲ್ಲಿ ಚೆನ್ನಾಗಿ ಕಂಡ ತಿಳಿ ಗುಲಾಬಿ ನ್ಯೂಡ್ ಲಿಪ್‌ಸ್ಟಿಕ್ ಆಫೀಸಿಗೆ ಹಚ್ಚಿಕೊಂಡು ಹೋದರೆ, ‘ಯಾಕೆ, ಹುಷಾರಿಲ್ವಾ?’ ಎಂದು ಕೇಳಿಸಿಕೊಳ್ಳಬೇಕಾಗುತ್ತದೆ. ಗೋಧಿ ಮೈಬಣ್ಣದವರಿಗೂ ಕಪ್ಪು ಮೈಬಣ್ಣದವರಿಗೂ ಇದು ಹೊಸದಲ್ಲ. ಬಣ್ಣ ತಿಳಿಯಾಗಲೆಂದು ಇಂಥ ಲಿಪ್‌ಸ್ಟಿಕ್‌ಗಳಿಗೆ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಬೆರೆಸಿರುತ್ತಾರೆ. ಕಂದು ಛಾಯೆಯ ತುಟಿಯ ಮೇಲೆ ಆ ಬಿಳುಪು ಬೂದಿ ಮೆತ್ತಿದಂತೆ ಕಾಣುತ್ತದೆ.

ಹಾಗಾಗಿ ಆಫೀಸಿನ ಬಣ್ಣ ಆರಿಸುವಾಗ ಕೆನ್ನೆಗಿಂತ ಮೊದಲು ತುಟಿಯನ್ನು ನೋಡಿ. ನಿಮ್ಮ ತುಟಿಯ ಸಹಜ ಬಣ್ಣಕ್ಕಿಂತ ಒಂದೆರಡು ಛಾಯೆ ಗಾಢವಾದದ್ದು ಸಾಕು. ಬೆಳ್ಳಗಿರುವವರಿಗೆ ಅದು ಮಾಸಲು ಗುಲಾಬಿಯೋ ಪೀಚೋ ಆಗುತ್ತದೆ. ಗೋಧಿ ಬಣ್ಣಕ್ಕೆ ಇಟ್ಟಿಗೆ ಕೆಂಪು ಬೆರೆತ ಗುಲಾಬಿ, ಕಪ್ಪು ಮೈಬಣ್ಣಕ್ಕೆ ಕೆಂಪು ಮಿಶ್ರಿತ ಚಾಕೊಲೇಟ್ ಕಂದು ಅಥವಾ ಬೆರ್ರಿ ಹೊಂದುತ್ತದೆ. ಅಂಗೈ ಹಿಂಭಾಗದಲ್ಲಿ ಗೀರಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಬೆರಳ ತುದಿ ತುಟಿಯ ಬಣ್ಣಕ್ಕೆ ಹೆಚ್ಚು ಹತ್ತಿರ. ಅಲ್ಲಿ ಹಚ್ಚಿ, ಅಂಗಡಿಯ ಬಾಗಿಲಿಗೆ ಬಂದು ಹಗಲ ಬೆಳಕಿನಲ್ಲಿ ನೋಡಿ.

ಸಂಜೆ ಲೆಕ್ಕ ಬದಲಾಗುವುದು ದೀಪದಿಂದ. ಆಫೀಸಿನ ಬಿಳಿ ಎಲ್‌ಇಡಿ ಸಾಮಾನ್ಯವಾಗಿ 4000ರಿಂದ 6500 ಕೆಲ್ವಿನ್‌ನ ತಣ್ಣನೆಯ ಬೆಳಕು. ಅದರಡಿ ಕೆಂಪಿನಂಶ ಕಡಿಮೆಯಿರುವ ಕಂದು ಬಣ್ಣ ಮಣ್ಣಾಗಿ ಕಾಣುತ್ತದೆ. ಕಲ್ಯಾಣ ಮಂಟಪದ ಹಳದಿ ದೀಪ 3000 ಕೆಲ್ವಿನ್‌ನ ಆಸುಪಾಸಿನದು. ಅಲ್ಲಿ ಚರ್ಮವೇ ಹೊಂಬಣ್ಣಕ್ಕೆ ತಿರುಗುವುದರಿಂದ ಪೀಚ್ ಮತ್ತು ನ್ಯೂಡ್ ಅದರಲ್ಲೇ ಕರಗಿಹೋಗುತ್ತವೆ. ನೇರಳೆ ಬಣ್ಣಗಳು ಮಂಕಾಗುತ್ತವೆ, ಕೆಂಪು ಮಾತ್ರ ಮಿಂಚುತ್ತದೆ.

ಗೋಧಿ ಬಣ್ಣದ, ತುಟಿಯಂಚು ಕಂದಾಗಿರುವ ಒಬ್ಬಾಕೆ ಆಫೀಸಿನಿಂದ ನೇರವಾಗಿ ಆರತಕ್ಷತೆಗೆ ಹೋಗಬೇಕೆನ್ನಿ. ಬೆಳಿಗ್ಗೆ ತುಟಿಯಂಚಿನದೇ ಬಣ್ಣದ ಲೈನರ್ ಎಳೆದು, ಇಟ್ಟಿಗೆ ಗುಲಾಬಿಯನ್ನು ಬೆರಳಿನಿಂದ ತಟ್ಟಿ ಹಚ್ಚಿದರೆ ಅಂಚು, ನಡುವು ಬೇರೆಬೇರೆಯಾಗಿ ಕಾಣುವುದಿಲ್ಲ. ಸಂಜೆ ಅದರ ಮೇಲೇ ಇನ್ನೊಂದನ್ನು ಬಳಿದರೆ ಹಳೆಯ ಪದರ ಬಿರಿದು ತುಂಡುತುಂಡಾಗುತ್ತದೆ. ಕೊಬ್ಬರಿ ಎಣ್ಣೆ ಸವರಿ ಒರೆಸಿ, ಜಿಡ್ಡು ಪೂರ್ತಿ ಹೋದ ಮೇಲೆ ಕೆಂಪು ಮೆರೂನ್ ಹಚ್ಚಲಿ. ಟಿಶ್ಯೂ ಒತ್ತಿ ತೆಗೆದು ಎರಡನೇ ಪದರ ಕೊಟ್ಟರೆ ಊಟದ ಹೊತ್ತಿಗೂ ಬಹುಪಾಲು ನಿಲ್ಲುತ್ತದೆ.

ಬೆಳ್ಳಗಿರುವವರಿಗೆ ಸಂಜೆಗೆ ಚೆರ್ರಿ ಕೆಂಪು ಸಾಕು. ಅತಿ ಗಾಢ ವೈನ್ ಬಣ್ಣ ಮುಖದ ಮಿಕ್ಕೆಲ್ಲವನ್ನೂ ಮರೆಸಿಬಿಡುತ್ತದೆ. ಕಪ್ಪಗಿರುವವರು ಕೆಂಪು ಹಚ್ಚಬಾರದೆಂದು ಈಗಲೂ ಕೆಲವರು ಹೇಳುವುದು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಗಾಢ ಚರ್ಮದ ಮೇಲೆ ಅಚ್ಚ ಕೆಂಪು ಎದ್ದು ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ. ಅವರು ಹಳದಿ ದೀಪದಡಿ ದೂರವಿಡಬೇಕಾದದ್ದು ಕಡುನೇರಳೆಯನ್ನು. ಅದು ಅಲ್ಲಿ ಕಪ್ಪಾಗಿಯೇ ಕಾಣುತ್ತದೆ, ಫೋಟೊದಲ್ಲಂತೂ ತುಟಿಯ ಆಕಾರವೇ ತಿಳಿಯುವುದಿಲ್ಲ.