ರಜೆಯ ಅರ್ಜಿಯೂ ಹಿಂದಿಯ ಲಿಂಗವಿಚಾರವೂ

ಹಿಂದಿಯನ್ನು ತೃತೀಯ ಭಾಷೆಯಾಗಿ ಅಭ್ಯಸಿಸುವ ನಮ್ಮ ಮಕ್ಕಳಿಗೆ ಪತ್ರಲೇಖನವೆಂದೊಡನೆ ಮೊದಲು ಎದುರಾಗುವುದು ಮುಖ್ಯೋಪಾಧ್ಯಾಯರಿಗೆ ರಜೆ ಕೋರಿ ಬರೆಯುವ ಅರ್ಜಿ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ತಮ್ಮನ ಮೊಮ್ಮಗಳು ಕಳೆದ ವಾರ ಅಂಥದೊಂದು ಅರ್ಜಿಯನ್ನು ಬರೆದುಕೊಂಡು ಬಂದು, “ಒಂದ್ಸಲ ನೋಡಿ ದೊಡ್ಡಜ್ಜ” ಎಂದು ಮುಂದಿಟ್ಟಳು. ಚೌಕಟ್ಟು ನಿರ್ದುಷ್ಟವಾಗಿತ್ತು, ಒಡಲಿನಲ್ಲಿ ಮಾತ್ರ ನಾಲ್ಕು ತಪ್ಪುಗಳಿದ್ದವು, ಮತ್ತು ಅವೆಲ್ಲವೂ ಕನ್ನಡದಲ್ಲಿ ಆಲೋಚಿಸುವ ಮಗು ಸಹಜವಾಗಿಯೇ ಮಾಡುವಂಥವು.

ಚೌಕಟ್ಟನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಮೊದಲು ಸ್ಥಳ ಮತ್ತು ದಿನಾಂಕ. ‘ಪ್ರೇಷಕ್’ ಎಂದು ಬರೆದು ತನ್ನ ಹೆಸರು, ತರಗತಿ, ಶಾಲೆ. ಬಳಿಕ ‘ಸೇವಾ ಮೇಂ’ ಎಂದು ಆರಂಭಿಸಿ ಮುಖ್ಯೋಪಾಧ್ಯಾಯರ ಪದವಿ ಹಾಗೂ ವಿಳಾಸ. ಸಂಬೋಧನೆಗೆ ‘ಮಹೋದಯ್’, ಅವರು ಸ್ತ್ರೀಯಾಗಿದ್ದರೆ ‘ಮಹೋದಯಾ’. ಒಂದೇ ಪಂಕ್ತಿಯಲ್ಲಿ ‘ವಿಷಯ್’. ಕೊನೆಗೆ ‘ಧನ್ಯವಾದ್’ ಮತ್ತು ಸಹಿ. ಕೆಲವರು ಹೆಸರನ್ನೂ ದಿನಾಂಕವನ್ನೂ ಪತ್ರದ ತುದಿಗೆ ಇಡುತ್ತಾರೆ. ಎರಡೂ ರೂಢಿಯಲ್ಲಿರುವುದರಿಂದ ತರಗತಿಯಲ್ಲಿ ಕಲಿಸಿದುದನ್ನೇ ಅನುಸರಿಸುವುದು ಕ್ಷೇಮ.

ನಮ್ಮ ಹುಡುಗಿಯ ಅರ್ಜಿ ಅಕ್ಕನ ಮದುವೆಗೆ ಸಂಬಂಧಿಸಿದುದು. ತಿದ್ದಿದ ಮೇಲೆ ಅದರ ಒಡಲು ಹೀಗಾಯಿತು:

ಸವಿನಯ್ ನಿವೇದನ್ ಹೈ ಕಿ ಮೈಂ ಆಪ್‌ಕೇ ವಿದ್ಯಾಲಯ್ ಮೇಂ ನವೀಂ ಕಕ್ಷಾ ಕೀ ಛಾತ್ರಾ ಹೂಂ. ಮೇರೀ ಬಡೀ ಬಹನ್ ಕಾ ವಿವಾಹ್ 12 ದಿಸಂಬರ್ ಕೋ ಹಮಾರೇ ಗಾಂವ್ ಮೇಂ ಹೋನೇವಾಲಾ ಹೈ. ಇಸ್ ಕಾರಣ್ ಮೈಂ 11 ಸೇ 13 ದಿಸಂಬರ್ ತಕ್ ವಿದ್ಯಾಲಯ್ ನಹೀಂ ಆ ಸಕೂಂಗೀ. ಅತಃ ಆಪ್‌ಸೇ ಪ್ರಾರ್ಥನಾ ಹೈ ಕಿ ಮುಝೇ ತೀನ್ ದಿನ್ ಕಾ ಅವಕಾಶ್ ದೇನೇ ಕೀ ಕೃಪಾ ಕರೇಂ.

ಅವಳು ಮೊದಲು ಬರೆದಿದ್ದುದು ‘ಬಹನ್ ಕಾ ಶಾದೀ’ ಎಂದು, ಕಡೆಯಲ್ಲಿ ‘ತೀನ್ ದಿನ್ ಕಾ ಛುಟ್ಟೀ’ ಎಂದು. ಕನ್ನಡದಲ್ಲಿ ‘ಅಕ್ಕನ’ ಎಂಬ ಷಷ್ಠಿಗೆ ಮುಂದೆ ಬರುವ ನಾಮಪದದ ಲಿಂಗದ ಚಿಂತೆಯಿಲ್ಲ. ಅಕ್ಕನ ಮದುವೆ, ಅಕ್ಕನ ಮಗ, ಅಕ್ಕನ ಮಗಳು ಎಲ್ಲಕ್ಕೂ ಅದೊಂದೇ ರೂಪ ಸಾಕು. ಹಿಂದಿಯಲ್ಲಿಯಾದರೋ ಆ ಪ್ರತ್ಯಯ ಹಿಂದಿರುವ ವ್ಯಕ್ತಿಯನ್ನಲ್ಲ, ಮುಂದಿರುವ ವಸ್ತುವನ್ನು ನೋಡಿ ರೂಪ ತಾಳುತ್ತದೆ. ‘ವಿವಾಹ್’ ಪುಲ್ಲಿಂಗವಾದುದರಿಂದ ‘ಬಹನ್ ಕಾ ವಿವಾಹ್’. ಅದೇ ಅರ್ಥದ ‘ಶಾದೀ’ ಸ್ತ್ರೀಲಿಂಗವಾದುದರಿಂದ ‘ಬಹನ್ ಕೀ ಶಾದೀ’. ಅಂತೆಯೇ ‘ತೀನ್ ದಿನ್ ಕಾ ಅವಕಾಶ್’, ಆದರೆ ‘ತೀನ್ ದಿನ್ ಕೀ ಛುಟ್ಟೀ’. ಪದ ಬದಲಾದರೆ ಅದರ ಹಿಂದಿನ ‘ಕಾ’ ‘ಕೀ’ಗಳೂ, ಮುಂದಿನ ‘ಹೋನೇವಾಲಾ’ ‘ಹೋನೇವಾಲೀ’ಗಳೂ ಬದಲಾಗಬೇಕಾಗಿರುವುದರಿಂದ, ಮಾದರಿ ಪತ್ರವನ್ನು ಕಂಠಪಾಠ ಮಾಡಿ ಒಂದೆರಡು ಪದಗಳನ್ನಷ್ಟೇ ತಿರುಗಿಸಿಟ್ಟವರು ಮುಗ್ಗರಿಸುವುದು ಬಹುಮಟ್ಟಿಗೆ ಇಲ್ಲಿಯೇ.

ಆ ಹುಡುಗಿ ‘ಅವಕಾಶ್’ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದಳು. “ಅವಕಾಶ ಅಂದ್ರೆ ಬೇರೆ ಅಲ್ವಾ?” ಎಂದು ಕೇಳಿದಳು. ಅವಳ ಶಂಕೆ ನ್ಯಾಯವಾದದ್ದೇ. ಒಂದೇ ಸಂಸ್ಕೃತ ಶಬ್ದವು ಕನ್ನಡದಲ್ಲಿ ಆಸ್ಪದ, ಸಂದರ್ಭ ಎಂಬ ಅರ್ಥದಲ್ಲಿ ನೆಲೆನಿಂತರೆ, ಹಿಂದಿಯಲ್ಲಿ ರಜೆ, ಬಿಡುವು ಎಂಬ ಅರ್ಥವನ್ನು ಪಡೆದಿದೆ. ನಾವು ಅವಕಾಶವೆನ್ನುವುದಕ್ಕೆ ಅವರು ‘ಅವಸರ್’ ಎನ್ನುತ್ತಾರೆ, ನಮ್ಮ ಅವಸರವಾದರೋ ತ್ವರೆ. ಪರಿಚಿತವಾಗಿ ತೋರುವ ತತ್ಸಮಗಳ ವಿಷಯದಲ್ಲಿಯೇ ಕನ್ನಡ ವಿದ್ಯಾರ್ಥಿ ನಿಘಂಟನ್ನು ಹೆಚ್ಚಾಗಿ ತೆರೆಯಬೇಕು.

ಇನ್ನೊಂದು ಕಡೆ ಅವಳು ದಿನಾಂಕವನ್ನು ಬಿಟ್ಟು ‘ಕಲ್ ಸೇ’ ಎಂದಿದ್ದಳು. ಹಿಂದಿಯ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ಆಡುಮಾತಿನಲ್ಲಿ ಕ್ರಿಯಾಪದವೇ ಅದನ್ನು ನಿರ್ಣಯಿಸುವುದಾದರೂ, ಕಡತಕ್ಕೆ ಸೇರಿ ಹಲವು ದಿನಗಳ ಮೇಲೆ ಓದಲ್ಪಡುವ ಅರ್ಜಿಯಲ್ಲಿ ದಿನಾಂಕವೇ ಇರತಕ್ಕದ್ದು. 11ರಿಂದ 13ರವರೆಗೆಂದರೆ ಎರಡು ತುದಿಗಳೂ ಸೇರಿ ಮೂರು ದಿನ. ಎರಡು ದಿನವೆಂದು ಬರೆದು ಮಾತಿಗೂ ಲೆಕ್ಕಕ್ಕೂ ವಿರೋಧ ತಂದುಕೊಳ್ಳಬಾರದು.

ನಾಲ್ಕನೆಯ ತಪ್ಪು ಒಂದು ಬಿಂದುವಿನದು. ಅವಳು ‘ಕೃಪಾ ಕರೇ’ ಎಂದು ಬರೆದಿದ್ದಳು. ಮೇಲಿನ ಆ ಅನುಸ್ವಾರವು ‘ಆಪ್’ ಎಂಬ ಗೌರವಾರ್ಥಕ್ಕೆ ಸಲ್ಲುವ ಬಹುವಚನದ ಗುರುತು. ಅದು ಹೋದರೆ ಕ್ರಿಯೆ ಏಕವಚನಕ್ಕೆ ಇಳಿದು, ಕನ್ನಡದಲ್ಲಿ ಮೇಷ್ಟ್ರಿಗೆ ‘ಅವನು ದಯಮಾಡಲಿ’ ಎಂದಷ್ಟೇ ಅಸಂಗತವಾಗುತ್ತದೆ. ವಾಕ್ಯಾರಂಭದಲ್ಲಿ ‘ಕೃಪಯಾ’ ಎಂದು ಬರೆದು ಕೊನೆಯಲ್ಲಿ ಮತ್ತೆ ‘ಕೃಪಾ ಕರೇಂ’ ಎನ್ನುವುದೂ ಪುನರುಕ್ತಿಯೇ. ಎರಡರಲ್ಲಿ ಒಂದು ಸಾಕು.

ಸಹಿಯ ಜಾಗದಲ್ಲಿ ಹುಡುಗನಾದರೆ ‘ಆಪ್‌ಕಾ ಆಜ್ಞಾಕಾರೀ ಛಾತ್ರ್’, ಹುಡುಗಿಯಾದರೆ ‘ಆಪ್‌ಕೀ ಆಜ್ಞಾಕಾರಿಣೀ ಛಾತ್ರಾ’. ಮನೆಯಲ್ಲಿ ಮಕ್ಕಳ ಅರ್ಜಿಯನ್ನು ನೋಡಿಕೊಡುವ ಹಿರಿಯರು ಈ ಸಹಿಯಿಂದಲೇ ಆರಂಭಿಸಿ ಮೇಲಕ್ಕೆ ಓದುತ್ತ ಹೋಗಲಿ: ಕೆಳಗೆ ‘ಛಾತ್ರಾ’ ಎಂದಿದ್ದು ನಡುವೆ ‘ಸಕೂಂಗಾ’ ಎಂದಿದ್ದರೆ, ಆ ಪತ್ರ ಯಾವನೋ ಹುಡುಗನ ಪುಸ್ತಕದಿಂದ ನಕಲಾಗಿ ಬಂದದ್ದು.