ಕಲ್ಲಿದ್ದಲ ರಾಶಿಯ ನಾಲ್ಕು ಮೂಲೆಗಳು

ಬಾಯ್ಲರ್ ಇರುವ ಗಿರಣಿಗೆ ಲಾರಿಯಲ್ಲಿ ಬರುವ ಕಲ್ಲಿದ್ದಲು ಬಾಗಿಲ ಬಳಿಯ ತೂಕದ ಕಾಟಾದ ಮೇಲೆ ತೂಗಿಯೇ ಒಳಗೆ ಹೋಗುತ್ತದೆ. ಆದರೆ ದಿನದಿನವೂ ಉರಿದುಹೋಗುವ ಕಲ್ಲಿದ್ದಲನ್ನು ಬಹಳ ಕಡೆ ತಳ್ಳುಗಾಡಿಗಳ ಎಣಿಕೆಯಿಂದ ಅಂದಾಜು ಮಾಡುವುದೇ ರೂಢಿ. ಆದುದರಿಂದ ತಿಂಗಳ ಕೊನೆಗೋ ಮಾರ್ಚ್ 31ಕ್ಕೋ ಅಂಗಳದಲ್ಲಿ ಎಷ್ಟು ಟನ್ ಉಳಿದಿದೆ ಎಂದು ದಾಸ್ತಾನು ಪುಸ್ತಕದಲ್ಲಿ ಬರೆಯಬೇಕಾದಾಗ ಗುಮಾಸ್ತನು ಟೇಪು ಹಿಡಿದು ರಾಶಿಯನ್ನೇ ಅಳೆಯಬೇಕಾಗುತ್ತದೆ. ಪುಸ್ತಕದ ಅಂಕಿಗೂ ಅಳತೆಯ ಅಂಕಿಗೂ ಅಂತರ ಬಂದರೆ ಮೊದಲು ಕೇಳುವುದು ಕಾವಲುಗಾರನನ್ನು, ಆಮೇಲೆ ಗುಮಾಸ್ತನನ್ನು. ಕೆಲವು ಸಲ ಆ ಅಂತರ ಕಳ್ಳತನದಿಂದಲ್ಲ, ಲೆಕ್ಕದ ರೀತಿಯಿಂದಲೇ ಹುಟ್ಟಿರುತ್ತದೆ. ಅದು ಹೇಗೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಅಂಗಳದಲ್ಲಿ ಒಡ್ಡಿದ ರಾಶಿ ಸಾಮಾನ್ಯವಾಗಿ ತಲೆ ಕತ್ತರಿಸಿದ ಗೋಪುರದ ಆಕಾರದಲ್ಲಿರುತ್ತದೆ. ಕೆಳಗೆ ಅಗಲವಾದ ತಳ, ಮೇಲೆ ಸಮತಟ್ಟಾದ ಚಿಕ್ಕ ನೆತ್ತಿ, ನಾಲ್ಕು ಕಡೆಯೂ ಇಳಿಜಾರು. ಒಂದು ರಾಶಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಳ 20 ಮೀಟರ್ ಉದ್ದ, 12 ಮೀಟರ್ ಅಗಲ. ನೆತ್ತಿ 14 ಮೀಟರ್ ಉದ್ದ, 6 ಮೀಟರ್ ಅಗಲ. ನೆಟ್ಟಗಿನ ಎತ್ತರ 2.4 ಮೀಟರ್.

ಇದರ ಘನಫಲವನ್ನು ಗುಮಾಸ್ತರು ಎರಡು ರೀತಿಯಲ್ಲಿ ಕಟ್ಟುತ್ತಾರೆ. ಮೊದಲನೆಯ ರೀತಿಯವರು ತಳದ ಕ್ಷೇತ್ರಫಲ 240, ನೆತ್ತಿಯ ಕ್ಷೇತ್ರಫಲ 84, ಇವೆರಡರ ಸರಾಸರಿ 162 ಎಂದು ಅದನ್ನು ಎತ್ತರದಿಂದ ಗುಣಿಸುತ್ತಾರೆ. 388.8 ಘನಮೀಟರ್ ಬರುತ್ತದೆ. ಎರಡನೆಯ ರೀತಿಯವರು ಮೊದಲೇ ಉದ್ದ ಅಗಲಗಳ ಸರಾಸರಿ ತೆಗೆಯುತ್ತಾರೆ. ಉದ್ದ 17, ಅಗಲ 9, ಗುಣಿಸಿದರೆ 153; ಎತ್ತರದಿಂದ ಗುಣಿಸಿದರೆ 367.2 ಘನಮೀಟರ್. ರಾಶಿ ಒಂದೇ, ಟೇಪು ಒಂದೇ, ಅಳತೆಗಳೂ ಅವೇ. ಉತ್ತರಗಳಲ್ಲಿ ಮಾತ್ರ 21.6 ಘನಮೀಟರಿನ ವ್ಯತ್ಯಾಸ.

ಯಾವುದು ಸರಿ? ಎರಡೂ ಅಲ್ಲ. ಇದನ್ನು ಕಾಣಬೇಕಾದರೆ ರಾಶಿಯನ್ನು ಮನಸ್ಸಿನಲ್ಲಿಯೇ ಕತ್ತಿಯಿಂದ ಕೊಯ್ದು ನೋಡಬೇಕು. ನೆತ್ತಿಯ ನಾಲ್ಕು ಅಂಚುಗಳಿಂದ ನೆಲದವರೆಗೆ ನೆಟ್ಟಗೆ ಕೊಯ್ದರೆ ಮೂರು ಬಗೆಯ ತುಂಡುಗಳು ಸಿಗುತ್ತವೆ. ನಡುವೆ ಪೆಟ್ಟಿಗೆಯಂಥ ಒಂದು ತುಂಡು: 14 × 6 × 2.4, ಅಂದರೆ 201.6 ಘನಮೀಟರ್. ನಾಲ್ಕು ಪಕ್ಕಗಳಲ್ಲಿ ಬೆಣೆಯಂಥ ತುಂಡುಗಳು. ಇವುಗಳ ಬುಡದ ಅಗಲ 3 ಮೀಟರ್, ಎತ್ತರ 2.4, ಅಡ್ಡಕೊಯ್ತ ತ್ರಿಕೋಣವಾದುದರಿಂದ ಅದರ ಕ್ಷೇತ್ರಫಲ 3.6. ನಾಲ್ಕು ಪಕ್ಕಗಳ ಉದ್ದ ಒಟ್ಟು 40 ಮೀಟರ್, ಆದ್ದರಿಂದ ಬೆಣೆಗಳ ಘನಫಲ 144. ಇಲ್ಲಿಯವರೆಗೆ ಯಾವ ತಕರಾರೂ ಇಲ್ಲ. ಮೇಲಿನ ಎರಡು ರೀತಿಗಳೂ ಈ ಭಾಗವನ್ನು ಸರಿಯಾಗಿಯೇ ಹಿಡಿಯುತ್ತವೆ.

ತಕರಾರು ಇರುವುದು ಉಳಿದ ನಾಲ್ಕು ಮೂಲೆಗಳಲ್ಲಿ. ಒಂದೊಂದು ಮೂಲೆಯ ತುಂಡಿನ ತಳ 3 ಮೀಟರಿನ ಚೌಕ. ಮೇಲೆ ಹೋಗುತ್ತ ಅದು ಒಂದೇ ಬಿಂದುವಿಗೆ ಕೂಡುತ್ತದೆ. ಅಂದರೆ ಅದು ಮೊನಚಾದ ಚಿಕ್ಕ ಗೋಪುರ. ಅದೇ ತಳ, ಅದೇ ಎತ್ತರದ ಪೆಟ್ಟಿಗೆಯಾಗಿದ್ದರೆ 21.6 ಘನಮೀಟರ್ ಹಿಡಿಯುತ್ತಿತ್ತು; ನಾಲ್ಕಕ್ಕೆ 86.4. ಮೊನಚಾದ ಗೋಪುರ ಪೆಟ್ಟಿಗೆಯ ಎಷ್ಟನೆಯ ಪಾಲು? ಮೂರರಲ್ಲೊಂದು. ಸಂಶಯವಿದ್ದವರು ರಟ್ಟಿನಿಂದ ಒಂದೇ ತಳ, ಒಂದೇ ಎತ್ತರದ ಪೆಟ್ಟಿಗೆಯನ್ನೂ ಗೋಪುರವನ್ನೂ ಮಾಡಿ ಮರಳು ತುಂಬಿ ನೋಡಬಹುದು. ಗೋಪುರದಿಂದ ಮೂರು ಸಲ ಸುರಿದರೆ ಪೆಟ್ಟಿಗೆ ತುಂಬುತ್ತದೆ. ಆದ್ದರಿಂದ ನಾಲ್ಕು ಮೂಲೆಗಳ ನಿಜವಾದ ಘನಫಲ 28.8. ಎಲ್ಲವನ್ನೂ ಕೂಡಿದರೆ 201.6 + 144 + 28.8 = 374.4 ಘನಮೀಟರ್. ಇದೇ ಸರಿಯಾದ ಉತ್ತರ.

ಈಗ ತಪ್ಪುಗಳ ಗುಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಮೊದಲನೆಯ ರೀತಿ ಮೂಲೆಯ ತಳ 9, ತುದಿ ಸೊನ್ನೆ, ಸರಾಸರಿ ನಾಲ್ಕೂವರೆ ಎಂದು ಎಣಿಸಿ ಮೂಲೆಗಳಿಗೆ ಪೆಟ್ಟಿಗೆಯ ಅರ್ಧ ಪಾಲನ್ನು ಕೊಡುತ್ತದೆ; 43.2. ಎರಡನೆಯದು ನಡು ಎತ್ತರದ ಅಳತೆಯನ್ನೇ ಎಲ್ಲೆಡೆಗೂ ಹಿಡಿಯುತ್ತದೆ. ಅಲ್ಲಿ ಮೂಲೆಯ ಬದಿ ಒಂದೂವರೆ ಮೀಟರ್, ಕ್ಷೇತ್ರಫಲ 2.25, ಆದುದರಿಂದ ಅದು ಕಾಲು ಪಾಲನ್ನಷ್ಟೆ ಕೊಡುತ್ತದೆ, 21.6. ಅರ್ಧವೂ ಅಲ್ಲ, ಕಾಲೂ ಅಲ್ಲ, ಮೂರನೆಯ ಒಂದು. ಆದ್ದರಿಂದಲೇ ಮೊದಲನೆಯ ರೀತಿ ಯಾವಾಗಲೂ ಹೆಚ್ಚು ತೋರಿಸುತ್ತದೆ, ಎರಡನೆಯದು ಯಾವಾಗಲೂ ಕಡಿಮೆ ತೋರಿಸುತ್ತದೆ.

ಎರಡೂ ಉತ್ತರಗಳನ್ನು ಇಟ್ಟುಕೊಂಡೇ ಸರಿಯಾದುದನ್ನು ಪಡೆಯುವ ಸುಲಭ ಸೂತ್ರವೊಂದಿದೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದು, ಬಂದುದನ್ನು ಮೂರರಿಂದ ಭಾಗಿಸಿ, ಚಿಕ್ಕದಕ್ಕೆ ಕೂಡಬೇಕು. ನಮ್ಮ ರಾಶಿಯಲ್ಲಿ ವ್ಯತ್ಯಾಸ 21.6, ಅದರ ಮೂರನೆಯ ಒಂದು ಪಾಲು 7.2, 367.2ಕ್ಕೆ ಕೂಡಿದರೆ 374.4. ಈ ಸೂತ್ರ ಹೊಸತಲ್ಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಇದನ್ನು ಹೇಳಿದ್ದಾನೆ. ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಹಳ್ಳ ತೋಡುವ ಲೆಕ್ಕಕ್ಕಾಗಿ ಇದನ್ನೇ ಕೊಟ್ಟು, ಒಂದು ಒರಟು ಫಲವನ್ನು ಕರ್ಮಾಂತಿಕವೆಂದೂ ಇನ್ನೊಂದನ್ನು ಔಂಡ್ರವೆಂದೂ ಕರೆದು, ಇವುಗಳಿಂದ ಸೂಕ್ಷ್ಮಫಲವನ್ನು ತೆಗೆಯುತ್ತಾನೆ. ಹಳ್ಳವನ್ನು ಬೋರಲು ಹಾಕಿದರೆ ನಮ್ಮ ರಾಶಿ! ಗ್ರಂಥದ ಆರಂಭದಲ್ಲಿ ಆತನು ಸ್ತುತಿಸುವ ದೊರೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ಸಿಕಂದರಾಬಾದಿನಿಂದ ವಾಡಿಗೆ ಹೋಗುವ ರೈಲಿನಲ್ಲಿ ಸೇಡಂ ದಾಟಿದ ಮೇಲೆ ಆ ಹೆಸರಿನ ಸ್ಟೇಷನ್ನನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು.

ಶಾಲೆಯ ಪುಸ್ತಕದಲ್ಲಿ ಇನ್ನೊಂದು ಸೂತ್ರವಿದೆ. ಎರಡು ಕ್ಷೇತ್ರಫಲಗಳನ್ನೂ ಅವುಗಳ ಗುಣಲಬ್ಧದ ವರ್ಗಮೂಲವನ್ನೂ ಕೂಡಿ, ಎತ್ತರದಿಂದ ಗುಣಿಸಿ, ಮೂರರಿಂದ ಭಾಗಿಸುವುದು. ತಳವೂ ನೆತ್ತಿಯೂ ಒಂದೇ ಪ್ರಮಾಣದಲ್ಲಿ ಚಿಕ್ಕದಾಗಿದ್ದರೆ ಮಾತ್ರ ಅದು ಸಲ್ಲುತ್ತದೆ. ನಮ್ಮ ರಾಶಿಯ ಉದ್ದ ಹತ್ತಕ್ಕೆ ಏಳರಷ್ಟಾಗಿದೆ, ಅಗಲ ಅರ್ಧವಾಗಿದೆ. ಆದ್ದರಿಂದ ಆ ಸೂತ್ರ 372.8 ಎಂದು ಸ್ವಲ್ಪ ಕಡಿಮೆ ತೋರಿಸುತ್ತದೆ. ಸುತ್ತಲೂ ಒಂದೇ ಇಳಿಜಾರಿರುವ ಉದ್ದನೆಯ ರಾಶಿಗಳೆಲ್ಲ ಹೀಗೆಯೇ ಇರುತ್ತವೆ.

ಇನ್ನು ಟನ್ನಿನ ಮಾತು. ಗಣಿಯೊಳಗಿನ ಗಟ್ಟಿ ಕಲ್ಲಿದ್ದಲಿನ ತೂಕವನ್ನು ಪುಸ್ತಕದಲ್ಲಿ ನೋಡಿ ಇಲ್ಲಿ ಹಾಕಬಾರದು. ರಾಶಿಯಲ್ಲಿ ಹರಳುಗಳ ನಡುವೆ ಗಾಳಿಯೂ ಇದೆ. 60 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 50 ಸೆಂಟಿಮೀಟರ್ ಆಳದ ಮರದ ಪೆಟ್ಟಿಗೆಯೊಂದನ್ನು ಮಾಡಿಸಿ, ರಾಶಿಯ ಬೇರೆಬೇರೆ ಕಡೆಯ ಕಲ್ಲಿದ್ದಲನ್ನು ತುಂಬಿ, ಮೇಲೆ ಹಲಗೆಯಿಂದ ಸವರಿ ತೂಗಬೇಕು. ಅದು 0.18 ಘನಮೀಟರ್ ಹಿಡಿಯುತ್ತದೆ. ಪೆಟ್ಟಿಗೆಯ ತೂಕ ಕಳೆದು 153 ಕಿಲೋ ಬಂದರೆ ಘನಮೀಟರಿಗೆ 0.85 ಟನ್ ಆಯಿತು. ಹಾಗಾದರೆ ನಮ್ಮ ರಾಶಿ 374.4 × 0.85, ಅಂದರೆ 318 ಟನ್ನಿಗೆ ಸ್ವಲ್ಪ ಹೆಚ್ಚು. ಮೊದಲನೆಯ ರೀತಿಯಿಂದ 330 ಟನ್, ಎರಡನೆಯದರಿಂದ 312 ಟನ್ ಬರುತ್ತಿತ್ತು.

ಈ ಹದಿನೆಂಟು ಟನ್ನಿನ ಅಂತರ ಬರಿಯ ಕಾಗದದ ಮಾತಲ್ಲ. ಬಾಯ್ಲರ್ ದುರಸ್ತಿಗೆ ನಿಂತಿರುವಾಗ ಒಂದು ವಾರದ ಅಂತರದಲ್ಲಿ ಇಬ್ಬರು ಗುಮಾಸ್ತರು ಇದೇ ರಾಶಿಯನ್ನು ಅಳೆದರೆಂದು ಭಾವಿಸೋಣ. ಒಬ್ಬನು ಮೊದಲ ರೀತಿಯಲ್ಲಿ, ಇನ್ನೊಬ್ಬನು ಎರಡನೆಯದರಲ್ಲಿ. ಒಂದು ತುಂಡು ಕಲ್ಲಿದ್ದಲೂ ಅಲುಗದೆ ಹದಿನೆಂಟು ಟನ್ ಮಾಯ! ಆ ವಾರ ರಾತ್ರಿಪಾಳಿಯಲ್ಲಿದ್ದ ಕಾವಲುಗಾರನ ಸಂಬಳಕ್ಕೆ ಕುತ್ತು. ಪುಸ್ತಕದಲ್ಲಿ 320 ಟನ್ ಇದ್ದಿತೆಂದುಕೊಂಡರೆ ಸರಿಯಾದ ಲೆಕ್ಕದಿಂದ ಕೊರತೆ ಎರಡು ಟನ್ನೂ ಇಲ್ಲ. ಅಷ್ಟು ಅಂತರ ತೇವ ಆರಿದರೂ ಬರುತ್ತದೆ, ಟೇಪು ಸ್ವಲ್ಪ ಸಡಿಲವಾದರೂ ಬರುತ್ತದೆ.

ಕಬ್ಬಿಣದ ಅದಿರಾದರೆ ಅಂತರ ಇನ್ನೂ ದೊಡ್ಡದು. ಹೈದರಾಬಾದಿನಲ್ಲಿ ಪ್ರಧಾನ ಕಚೇರಿಯಿರುವ ಎನ್.ಎಂ.ಡಿ.ಸಿ.ಯ ದೋಣಿಮಲೆ ಗಣಿ ಬಳ್ಳಾರಿ ಜಿಲ್ಲೆಯ ಸಂಡೂರು ತಾಲೂಕಿನಲ್ಲಿದೆ. ಆ ಸೀಮೆಯ ಅದಿರು ಒಡ್ಡಿದ ರಾಶಿಯಲ್ಲಿ ಘನಮೀಟರಿಗೆ ಎರಡು ಟನ್ನಿಗೂ ಹೆಚ್ಚು ತೂಗುತ್ತದೆ. 2011ರಲ್ಲಿ ಗಣಿಗಾರಿಕೆ ನಿಂತಾಗ ಅಲ್ಲಿ ಬಿದ್ದಿದ್ದ ಸುಮಾರು 2.5 ಕೋಟಿ ಟನ್ ಅದಿರನ್ನು ಹರಾಜಿನ ಮೂಲಕ ಮಾರಲು ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಅಂಥ ದಾಸ್ತಾನಿನಲ್ಲಿ ನೂರಕ್ಕೆ ನಾಲ್ಕರ ತಪ್ಪೆಂದರೆ ಹತ್ತು ಲಕ್ಷ ಟನ್.

ಅಳೆಯುವಾಗ ಕೈತಪ್ಪುವ ಜಾಗಗಳು ಮುಖ್ಯವಾಗಿ ಎರಡು. ಒಂದು ಎತ್ತರ. ಇಳಿಜಾರಿನ ಮೇಲೆ ಟೇಪು ಹಾಸಿ ಬಂದ ಅಂಕಿಯನ್ನೇ ಎತ್ತರವೆಂದು ಬರೆಯುವವರಿದ್ದಾರೆ. ನಮ್ಮ ರಾಶಿಯ ಇಳಿಜಾರಿನ ಉದ್ದ 3.84 ಮೀಟರ್, ಅದನ್ನು ಎತ್ತರವೆಂದರೆ ಘನಫಲ 599 ಆಗಿಬಿಡುತ್ತದೆ. ನೆತ್ತಿಯ ಅಂಚಿನಿಂದ ದಾರವನ್ನು ನೀರುಮಟ್ಟದ ಸಹಾಯದಿಂದ ಅಡ್ಡಲಾಗಿ ಎಳೆದು, ರಾಶಿಯ ಹೊರಗೆ ನೆಟ್ಟ ಗಳುವಿನ ಮೇಲೆ ಎತ್ತರ ಓದಬೇಕು. ಪರೀಕ್ಷೆಯೂ ಸುಲಭ: ತಳದ ಉದ್ದದಲ್ಲಿ ನೆತ್ತಿಯ ಉದ್ದ ಕಳೆದು ಅರ್ಧ ಮಾಡಿದರೆ 3 ಮೀಟರ್ ಬರುತ್ತದೆ. ಸಡಿಲವಾಗಿ ಸುರಿದ ಕಲ್ಲಿದ್ದಲು ತಾನಾಗಿ ನಿಲ್ಲುವ ಇಳಿಜಾರು ಸುಮಾರು 35ರಿಂದ 40 ಡಿಗ್ರಿ; ಆದ್ದರಿಂದ ಎತ್ತರ ಆ 3 ಮೀಟರಿಗಿಂತ ಕಡಿಮೆಯಿರಲೇಬೇಕು. ಹೆಚ್ಚು ಬಂದರೆ ಅಳತೆ ತಪ್ಪಿದೆ.

ಇನ್ನೊಂದು ನೆಲ. ಹಲವು ವರ್ಷ ಕಲ್ಲಿದ್ದಲು ಒಡ್ಡಿದ ಜಾಗ ಹೊಂಡವಾಗಿರುತ್ತದೆ. ಕೆಳಗಿನ ಪುಡಿ ಮಣ್ಣಿನೊಡನೆ ಬೆರೆತಿರುತ್ತದೆ. ಅಂಗಳ ಬರಿದಾದಾಗಲೇ ನೆಲದ ಮಟ್ಟ ನೋಡಿಟ್ಟುಕೊಳ್ಳದಿದ್ದರೆ ಯಾವ ಸೂತ್ರವೂ ಅದನ್ನು ಹಿಡಿಯಲಾರದು. ಬುಲ್‌ಡೋಜರ್ ಓಡಾಡಿ ಅದುಮಿದ ರಾಶಿಯಲ್ಲಿ ಸಡಿಲವಾಗಿ ತುಂಬಿದ ಪೆಟ್ಟಿಗೆಯ ತೂಕವೂ ಕಡಿಮೆ ತೋರಿಸುತ್ತದೆ.

ಕಡೆಯದಾಗಿ, ದಾಸ್ತಾನು ಪುಸ್ತಕದಲ್ಲಿ ಟನ್ನಿನ ಅಂಕಿಯೊಂದನ್ನೇ ಬರೆದು ಬಿಡಬಾರದು. ಐದು ಅಳತೆಗಳನ್ನೂ ಪೆಟ್ಟಿಗೆಯ ತೂಕವನ್ನೂ ಯಾವ ರೀತಿಯಿಂದ ಲೆಕ್ಕ ಕಟ್ಟಿತೆಂಬುದನ್ನೂ ಅದರ ಪಕ್ಕದಲ್ಲಿ ಬರೆದಿಡಬೇಕು. ಮುಂದೆ ಯಾರಾದರೂ ಅದೇ ರಾಶಿಯನ್ನು ಅಳೆದು ಬೇರೆ ಅಂಕಿ ತಂದರೆ, ಹೋದದ್ದು ಕಲ್ಲಿದ್ದಲೋ ಬರಿಯ ಮೂಲೆಗಳ ಲೆಕ್ಕವೋ ಎಂಬುದು ಆಗ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.