ಮೂಲವ್ಯಾಧಿ ಎಂದು ಸುಮ್ಮನಿರಬೇಡಿ

ಎಪ್ಪತ್ತು ದಾಟಿದ, ಹೃದಯಕ್ಕೆಂದು ಆಸ್ಪಿರಿನ್ ನುಂಗುವ ಹಿರಿಯರೊಬ್ಬರಿಗೆ ನೋವೇ ಇಲ್ಲದೆ ಕಮೋಡ್ ತುಂಬ ರಕ್ತ ಹೋಯಿತು, ಎದ್ದರೆ ಕಣ್ಣು ಕತ್ತಲೆ ಬರುತ್ತಿದೆ ಎಂದಿಟ್ಟುಕೊಳ್ಳಿ. ಮನೆಯವರಿಗೆ ಹೊಳೆಯುವುದು ಮೂಲವ್ಯಾಧಿ. ಆದರೆ ದೊಡ್ಡ ಕರುಳಿನ ಗೋಡೆಯಲ್ಲಿ ಉಬ್ಬಿದ ಪುಟ್ಟ ಚೀಲವೊಂದರ ರಕ್ತನಾಳ ಒಡೆದಿರಬಹುದು.

ಅವರನ್ನು ಅಲ್ಲೇ ಮಲಗಿಸಿ, ಕಾಲು ಎತ್ತರಿಸಿ, 108ಕ್ಕೆ ಕರೆ ಮಾಡಿ. ಎಳನೀರೂ ಕೊಡಬೇಡಿ. ನುಂಗುವ ಮಾತ್ರೆಗಳೆಲ್ಲ ಜೊತೆಗಿರಲಿ.

ಆಸ್ಪತ್ರೆಯಲ್ಲಿ ಮೊದಲು ಎರಡೂ ಕೈಗೆ ಡ್ರಿಪ್ ಸೂಜಿ, ರಕ್ತದ ಗುಂಪಿನ ಪರೀಕ್ಷೆ. ಆರಂಭದಲ್ಲಿ ಹಿಮೋಗ್ಲೋಬಿನ್ ಸರಿಯಾಗಿಯೇ ಕಾಣಬಹುದು. ಅದನ್ನು ನಂಬಿ ಮನೆಗೆ ಹೊರಡಬೇಡಿ. ರಕ್ತದೊತ್ತಡ ಕುಸಿಯುತ್ತಲೇ ಇದ್ದರೆ ಸಿಟಿ ಆಂಜಿಯೋಗ್ರಾಂನಲ್ಲಿ ಸೋರುವ ಜಾಗ ಹುಡುಕಿ, ಆ ನಾಳವನ್ನು ಒಳಗಿನಿಂದಲೇ ಮುಚ್ಚಬಹುದು. ಸ್ಥಿತಿ ಸುಧಾರಿಸಿದರೆ ಕರುಳು ಶುದ್ಧಮಾಡಿ ಕೊಲೊನೋಸ್ಕೋಪಿ. ಮುಂದೆ ಆಸ್ಪಿರಿನ್ ಬೇಕೋ ಬೇಡವೋ ಎಂಬುದನ್ನು ಹೃದಯದ ವೈದ್ಯರೇ ಹೇಳಲಿ, ನೀವೇ ತೀರ್ಮಾನಿಸಬೇಡಿ.